ಮೆಕ್ಕೆಜೋಳದ ಗೋದಾಮಿಗೆ ಎಷ್ಟು ಪ್ಯಾಲೆಟ್ ಹಿಡಿಯುತ್ತೆ? ಟೇಪು ಹಿಡಿದು ಲೆಕ್ಕ ಹಾಕಿ

ಅಕ್ಟೋಬರ್ ಬಂತೆಂದರೆ ದಾವಣಗೆರೆ ಎಪಿಎಂಸಿ ಸುತ್ತಮುತ್ತ ಮೆಕ್ಕೆಜೋಳದ ಟ್ರ್ಯಾಕ್ಟರ್ ಸಾಲು ಶುರು. ಜನವರಿವರೆಗೂ ಗೋದಾಮಿನವರಿಗೆ ಒಂದೇ ತಲೆನೋವು: ಜಾಗ ಸಾಲುತ್ತಾ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ನಮ್ಮದು ಇಷ್ಟು ಚದರಡಿ’ ಅಂತ. ಆದರೆ ಚೀಲ ಕೂರುವುದು ಚದರಡಿಯ ಮೇಲಲ್ಲ, ಪ್ಯಾಲೆಟ್ ಇಡುವ ಜಾಗದ ಮೇಲೆ. ಹಾಗಾಗಿ ಎಣಿಸಬೇಕಾದ್ದು ಆ ಜಾಗಗಳನ್ನು.

ಲೆಕ್ಕಕ್ಕೆ ಹೆದ್ದಾರಿ ಪಕ್ಕದ ಒಂದು ಗೋದಾಮು ಇಟ್ಟುಕೊಳ್ಳೋಣ. ಒಳಗಿನ ಅಳತೆ 30 ಮೀಟರ್ ಉದ್ದ, 18 ಮೀಟರ್ ಅಗಲ. ಶಟರ್ ಬಾಗಿಲು ಒಂದು ತುದಿಯಲ್ಲಿ, ರ‍್ಯಾಕ್ ಇಲ್ಲ. ನೆಲದ ವಿಸ್ತೀರ್ಣ 540 ಚದರ ಮೀಟರ್, ಪ್ಯಾಲೆಟ್ 1.2 ಮೀಟರ್‌ಗೆ 1 ಮೀಟರ್. ಸುಮ್ನೆ ಭಾಗಿಸಿದರೆ ನೆಲದ ಮೇಲೆ 450, ಮೂರು ಅಂತಸ್ತು ಅಂದುಕೊಂಡರೆ 1,350. ಈ ಅಂಕಿ ನಂಬಿ ಮಾಲು ಖರೀದಿಸಿದವರ ಚೀಲಗಳು ನವೆಂಬರ್‌ನಲ್ಲಿ ಅಂಗಳದಲ್ಲಿ ತಾಡಪಾಲಿನ ಕೆಳಗಿರುತ್ತವೆ.

ಮೊದಲು ಒಂದೇ ಒಂದು ಪ್ಯಾಲೆಟ್ ತುಂಬಿ ಅಳೆಯಿರಿ

ಜೋಳ ತುಂಬಿದ 50 ಕೆಜಿ ಚೀಲ ಮಲಗಿಸಿದಾಗ ಹತ್ತಿರಹತ್ತಿರ 80 ಸೆಂಟಿಮೀಟರ್ ಉದ್ದ, 45 ಅಗಲ, 19 ದಪ್ಪ ಇರುತ್ತದೆ. ಎರಡು ಚೀಲ ಪಕ್ಕಪಕ್ಕ, ಮೂರನೆಯದು ಅಡ್ಡ. ಮೇಲಿನ ವರಸೆಯಲ್ಲಿ ಅಡ್ಡ ಚೀಲವನ್ನು ಆ ಕಡೆಯ ತುದಿಗೆ ಹಾಕಬೇಕು, ಆಗ ಅಟ್ಟಿ ಕಚ್ಚಿಕೊಂಡು ನಿಲ್ಲುತ್ತದೆ. ಏಳು ವರಸೆ ಹಾಕಿದರೆ 21 ಚೀಲ, ಅಂದರೆ 1.05 ಟನ್. ಪ್ಯಾಲೆಟ್ ಸೇರಿ ಎತ್ತರ ಒಂದೂವರೆ ಮೀಟರ್. ಚೀಲ ಸ್ವಲ್ಪ ಹೊರಗೆ ಚಾಚುವುದರಿಂದ ನೆಲದಲ್ಲಿ 1.3ಕ್ಕೆ 1.1 ಮೀಟರ್ ಬಿಡಬೇಕು. ನಿಮ್ಮ ಚೀಲ ಬೇರೆ ಇದ್ದರೆ ಅಂಕಿಯೂ ಬೇರೆ. ಹಮಾಲರಿಗೆ ಹೇಳಿ ಒಂದು ಪ್ಯಾಲೆಟ್ ತುಂಬಿಸಿ, ನೀವೇ ಟೇಪು ಹಿಡಿಯಿರಿ.

ಎತ್ತರ ನಿರ್ಧರಿಸುವುದು ಚಾವಣಿಯಲ್ಲ

ಚಾವಣಿ ಐದೂವರೆ ಮೀಟರ್ ಇದೆ, ಮೂರು ಅಂತಸ್ತು ಆರಾಮಾಗಿ ಹಿಡಿಯುತ್ತೆ ಅಲ್ವಾ ಅಂತ ಕೇಳಬಹುದು. ಹಿಡಿಯುತ್ತೆ, ಆದರೆ ನಿಲ್ಲಲ್ಲ. ರ‍್ಯಾಕ್ ಇಲ್ಲದಾಗ ಮೇಲಿನ ಪ್ಯಾಲೆಟ್ ಕೂರುವುದು ಕೆಳಗಿನ ಚೀಲಗಳ ಮೇಲೆ. ಚೀಲ ದಿನ ಕಳೆದಂತೆ ಒಂದು ಕಡೆ ಜಾಸ್ತಿ ಕುಗ್ಗುತ್ತದೆ, ಅಟ್ಟಿ ವಾಲುತ್ತದೆ. ಚೀಲದ ಮಾಲಿಗೆ ಎರಡು ಅಂತಸ್ತೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ತಳದಲ್ಲಿ ಪೂರ್ತಿ ಹಲಗೆ ಹೊಡೆದ ಪ್ಯಾಲೆಟ್ ಬೇಕು. ತಳದಲ್ಲಿ ಬರೀ ಮೂರು ಪಟ್ಟಿ ಇರುವ ಪ್ಯಾಲೆಟ್ ಇಟ್ಟರೆ ಆ ಪಟ್ಟಿಗಳೇ ಕೆಳಗಿನ ಚೀಲವನ್ನು ಒತ್ತಿ ಹರಿಯುತ್ತವೆ. ಓಣಿಯಲ್ಲಿ ಜೋಳದ ಕಾಳು ಚೆಲ್ಲಿದ್ದು ಕಂಡರೆ ಮೊದಲು ಅಲ್ಲಿ ನೋಡಿ. ಅಟ್ಟಿ ವಾಲಿದೆಯಾ ಅಂತ ತಿಳಿಯಲು ಗಾರೆಯವರ ತೂಕದ ಗುಂಡು ಇಳಿಬಿಟ್ಟರೆ ಸಾಕು.

ಓಣಿಯಲ್ಲೇ ಇರುವುದು ಆಟ

ಗೋಡೆಗೆ ತಾಗಿಸಿ ಚೀಲ ಇಡುವಂತಿಲ್ಲ. ತೇವ ಹಿಡಿಯುತ್ತದೆ, ಹುಳು ನೋಡಲು, ಔಷಧಿ ಹಾಕಲು ಆಗುವುದಿಲ್ಲ. ಸುತ್ತಲೂ ಮುಕ್ಕಾಲು ಮೀಟರ್ ಬಿಡಿ. ಉಳಿಯುವುದು 28.5ಕ್ಕೆ 16.5 ಮೀಟರ್.

ನಡುವೆ ಉದ್ದಕ್ಕೂ ಒಂದು ಓಣಿ. ಎಷ್ಟು ಅಗಲ? ಅದನ್ನು ಹೇಳುವುದು ನಿಮ್ಮ ಫೋರ್ಕ್‌ಲಿಫ್ಟ್. ಎರಡೂವರೆ ಟನ್‌ನ ಡೀಸೆಲ್ ಗಾಡಿ ಪ್ಯಾಲೆಟ್ ಹಿಡಿದು ನೇರಕ್ಕೆ ತಿರುಗಲು ಸುಮಾರು 4 ಮೀಟರ್ ಕೇಳುತ್ತದೆ. ಒಂದೂವರೆ ಟನ್‌ನ ಮೂರು ಚಕ್ರದ ಬ್ಯಾಟರಿ ಗಾಡಿಗೆ 3.5 ಸಾಕು, ನಮ್ಮ ಭಾರ ಹೇಗೂ ಒಂದು ಟನ್ ಚಿಲ್ಲರೆ. ಗಾಡಿಯ ವಿವರ ಪತ್ರದಲ್ಲಿ ಓಣಿಯ ಅಗಲ ಬರೆದಿರುತ್ತದೆ, ಅದನ್ನು ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಈಗ ಎರಡನ್ನೂ ಹಾಕಿ ನೋಡೋಣ. 4 ಮೀಟರ್ ಓಣಿ ತೆಗೆದರೆ ಪ್ರತಿ ಬದಿಗೆ 6.25 ಮೀಟರ್ ಉಳಿಯುತ್ತದೆ. 1.3 ಮೀಟರ್‌ನಂತೆ ನಾಲ್ಕು ಪ್ಯಾಲೆಟ್ ಆಳ, ಮಿಕ್ಕ ಒಂದು ಮೀಟರ್ ದಂಡ. 3.5 ಮೀಟರ್ ಓಣಿಯಾದರೆ ಪ್ರತಿ ಬದಿಗೆ ಸರಿಯಾಗಿ 6.5 ಮೀಟರ್, ಐದು ಪ್ಯಾಲೆಟ್ ಆಳ. ಬರೀ ಅರ್ಧ ಮೀಟರ್‌ಗೆ ಎರಡೂ ಬದಿಯಲ್ಲಿ ಒಂದೊಂದು ಇಡೀ ಸಾಲು ಸಿಕ್ಕಿತು.

ಉದ್ದದಲ್ಲಿ ಬಾಗಿಲ ಬಳಿ ತೂಕ, ಇಳಿಸುವುದು, ಏರಿಸುವುದಕ್ಕೆ 4.5 ಮೀಟರ್ ಬಿಡಿ. ಮಿಕ್ಕ 24 ಮೀಟರ್‌ಗೆ 1.1 ಮೀಟರ್‌ನಂತೆ 21 ಸಾಲು. ಉಳಿಯುವ 90 ಸೆಂಟಿಮೀಟರನ್ನು ಮಧ್ಯದಲ್ಲಿ ಮನುಷ್ಯ ಓಡಾಡುವ ಅಡ್ಡದಾರಿ ಮಾಡಿ. ಐದು ಆಳ, ಎರಡು ಬದಿ, ಎರಡು ಅಂತಸ್ತು: 420 ಜಾಗ. ಡೀಸೆಲ್ ಗಾಡಿಯಾದರೆ 336.

ಆದರೆ 420 ಪೂರ್ತಿ ಸಿಗುವುದಿಲ್ಲ

ಒಂದು ಬದಿಯ ಒಂದು ಸಾಲಿನಲ್ಲಿ ಹತ್ತು ಪ್ಯಾಲೆಟ್. ಅದರಲ್ಲಿ ಒಬ್ಬರ ಲಾಟು ಮಾತ್ರ ಇಡಬೇಕು. ಏಕೆಂದರೆ ಒಳಗಿನದು ಬೇಕೆಂದರೆ ಮುಂದಿನದನ್ನೆಲ್ಲ ಎಳೆಯಬೇಕು. ಏಳು ಪ್ಯಾಲೆಟ್ ಹೋಗಿ ಮೂರು ಉಳಿದರೂ ಆ ಸಾಲು ಬೇರೆಯವರಿಗಿಲ್ಲ. ಹೀಗೆ ಖಾಲಿ ಉಳಿಯುವುದಕ್ಕೆ ನೂರಕ್ಕೆ ಹದಿನೈದು ಬಿಡಿ. ಚಿಕ್ಕ ಲಾಟು ಜಾಸ್ತಿಯಿದ್ದರೆ ಇನ್ನೂ ಬಿಡಬೇಕು. 420ರಲ್ಲಿ 357, 336ರಲ್ಲಿ 285. ಒಂದು ಪ್ಯಾಲೆಟ್ ತೆಗೆಯಲು ಎರಡನ್ನು ಸರಿಸುತ್ತಿದ್ದಾರೆ, ಓಣಿಯಲ್ಲೇ ಪ್ಯಾಲೆಟ್ ನಿಲ್ಲಿಸುತ್ತಿದ್ದಾರೆ ಅಂದರೆ ಗೋದಾಮು ಆ ಗೆರೆ ದಾಟಿದೆ ಅಂತಲೇ ಲೆಕ್ಕ.

ಸುಗ್ಗಿಯ ಭಾರ

ಹೋದ ವರ್ಷದ ಆವಕ-ಜಾವಕ ಪುಸ್ತಕ ತೆಗೆಯಿರಿ. ವಾರವಾರದ ಉಳಿಕೆ ಬರೆಯಿರಿ. ಉದಾಹರಣೆಗೆ ಆರು ವಾರ ಹೀಗಿದೆ ಅನ್ನಿ: ಶುರುವಿನಲ್ಲಿ 100 ಟನ್ ಇತ್ತು. ಬಂದದ್ದು 90, 150, 200, 200, 150, 100 ಟನ್. ಲಾರಿ ಹೋದದ್ದು ವಾರಕ್ಕೆ 120 ಟನ್. ವಾರದ ಕೊನೆಯ ಉಳಿಕೆ 70, 100, 180, 260, 290, 270.

ಸರಾಸರಿ 195 ಟನ್. ಅದನ್ನು ನಂಬಿದರೆ 186 ಪ್ಯಾಲೆಟ್, ಜಾಗ ಬೇಕಾದಷ್ಟಿದೆ ಅನಿಸುತ್ತದೆ. ನೋಡಬೇಕಾದ್ದು ಐದನೇ ವಾರ. ಆವಕ ಜೋರಾಗಿದ್ದದ್ದು ಮೂರು-ನಾಲ್ಕನೇ ವಾರವಾದರೂ ಉಳಿಕೆ ತುದಿ ಮುಟ್ಟುವುದು ಆಮೇಲೆ. 290 ಟನ್‌ಗೆ ಮೂರು ದಿನ ಲಾರಿ ಬರದಿದ್ದರೆ ಸೇರುವ ಮಾಲು ಕೂಡಿಸಿ. ವಾರಕ್ಕೆ 150 ಟನ್ ಅಂದರೆ ಆರು ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 25, ಮೂರು ದಿನಕ್ಕೆ 75. ಒಟ್ಟು 365 ಟನ್, ಅಂದರೆ 348 ಪ್ಯಾಲೆಟ್.

ಬ್ಯಾಟರಿ ಗಾಡಿಯ 357ರಲ್ಲಿ ಇದು ಕೂರುತ್ತದೆ. ಡೀಸೆಲ್ ಗಾಡಿಯ 285ರಲ್ಲಿ 63 ಪ್ಯಾಲೆಟ್ ಹೊರಗೆ. ಬಾಡಿಗೆ ಗೋದಾಮು ಹುಡುಕುವ ಮೊದಲು ಗಾಡಿಯ ಬಾಡಿಗೆ ವಿಚಾರಿಸಿ.

ಇನ್ನೊಂದು ವಿಷಯ ಉಳಿದಿದೆ, ಹಸಿ ಮಾಲು. ಸುಗ್ಗಿಯಲ್ಲೇ ಮಳೆ ಬಂದರೆ ತೇವ ನೂರಕ್ಕೆ 14 ದಾಟಿದ ಜೋಳ ಬಂದೇ ಬರುತ್ತದೆ. ಅದನ್ನು ಒತ್ತಾಗಿ ಅಟ್ಟಿ ಹಾಕಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಒಂದೇ ಅಂತಸ್ತಿನಲ್ಲಿ 20 ಪ್ಯಾಲೆಟ್ ಇಟ್ಟಿರಿ ಅನ್ನಿ. ಅವುಗಳ ನೆತ್ತಿಯ ಮೇಲಿನ 20 ಜಾಗವೂ ಹೋಯಿತು. 357 ಇದ್ದದ್ದು 337 ಆಯಿತು, 348 ಹಿಡಿಯಲ್ಲ. ಅದಕ್ಕೇ ಕಣದಲ್ಲಿ ಒಣಗಿಸಿ, ತೇವದ ಮೀಟರ್ ಹಿಡಿದು ನೋಡಿ, ಆಮೇಲೆ ಒಳಗೆ ಬಿಡಿ. ಸಾಲುಗಳ ಗೆರೆಯನ್ನು ನೆಲದ ಮೇಲೆ ಹಳದಿ ಬಣ್ಣದಲ್ಲಿ ಸೆಪ್ಟೆಂಬರ್‌ನಲ್ಲೇ ಎಳೆಸಿಬಿಡಿ. ಗೋದಾಮು ಖಾಲಿ ಸಿಗುವುದು ಆಗ ಮಾತ್ರ.