ಒಂದೇ ಭಾವದ ದೃಶ್ಯಗಳನ್ನು ಕತ್ತರಿಸಿದ ಬಗೆ

ಮಲ್ಲೇಶ್ವರದ ಹಳೆಯ ಮನೆಯೊಂದರ ಮಾರಾಟದ ಸುತ್ತ ನಾನು ಬರೆದ ಕಾದಂಬರಿ. ಮೊದಲ ಕರಡು ಓದಿದ ಮೂವರೂ ನಡುಭಾಗದಲ್ಲೇ ಕೈಬಿಟ್ಟರು. ಘಟನೆಗಳಿದ್ದವು, ಕತೆ ಮಾತ್ರ ನಿಂತಲ್ಲೇ ನಿಂತಿತ್ತು.

ವಾಕ್ಯಗಳನ್ನು ಬಿಗಿಗೊಳಿಸಿದೆ, ಪುಟ ಇಳಿಯಿತು, ಜಡತೆ ಇಳಿಯಲಿಲ್ಲ. ಅಧ್ಯಾಯಗಳ ಕ್ರಮ ಬದಲಿಸಿದ್ದೂ ವ್ಯರ್ಥವಾಯಿತು.

ಕೆಲಸ ಮಾಡಿದ್ದು ಇದು. ಪ್ರತಿ ದೃಶ್ಯಕ್ಕೊಂದು ಚೀಟಿ. ಅದರಲ್ಲಿ ಏನು ನಡೆಯಿತೆಂದು ಬರೆಯಬಾರದು. ಬರೆದರೆ ಎಲ್ಲವೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಆರಂಭದಲ್ಲಿ ಪಾತ್ರದ ಮನಸ್ಸು ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂತು, ಅಷ್ಟೇ. ಅಡುಗೆಮನೆ, ಸಂಪಿಗೆ ರಸ್ತೆಯ ಹೂವಿನಂಗಡಿ, ಬಸ್, ಆಸ್ಪತ್ರೆ: ನಾಲ್ಕೂ ಚೀಟಿಗಳಲ್ಲಿ ‘ಮಗಳು ಅಪ್ಪನಿಗೆ ನಿಜ ಹೇಳಲು ಹೊರಟಳು, ಹೇಳದೆ ಉಳಿದಳು’ ಎಂದೇ ಇತ್ತು.

ಉಳಿಸಬೇಕಾದದ್ದು ಚೆನ್ನಾಗಿ ಬರೆದದ್ದನ್ನಲ್ಲ. ಬಸ್ಸಿನ ದೃಶ್ಯ ನನಗೆ ಬಲು ಇಷ್ಟ, ಆದರೆ ತೆಗೆದರೆ ಮುಂದೇನೂ ಕುಸಿಯುವುದಿಲ್ಲ. ಆಸ್ಪತ್ರೆಯಲ್ಲಿ ಅವಳು ಸುಮ್ಮನಿದ್ದುದರಿಂದಲೇ ಅಪ್ಪ ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆ. ಅದನ್ನು ಪೂರ್ತಿ ಉಳಿಸಿದೆ. ಅಡುಗೆಮನೆಯದು ಆ ಮೌನದ ಪರಿಚಯ. ಅರ್ಧ ಪುಟಕ್ಕೆ ಇಳಿಸಿದೆ. ಉಳಿದೆರಡನ್ನು ಬೇರೆ ಕಡತಕ್ಕೆ ಸರಿಸಿದೆ.

ಸರಿಸುವ ಮೊದಲು ಆ ದೃಶ್ಯದಲ್ಲಷ್ಟೇ ಇರುವ ಮಾಹಿತಿಯನ್ನು ಹುಡುಕಬೇಕು. ಅಣ್ಣನ ಸಾಲದ ಸುದ್ದಿ ಹೂವಿನಂಗಡಿಯಲ್ಲಿ ಮಾತ್ರ ಇತ್ತು. ಅದನ್ನು ಆಸ್ಪತ್ರೆಯ ಸಂಭಾಷಣೆಗೆ ಒಂದು ವಾಕ್ಯವಾಗಿ ಸೇರಿಸಿದೆ. ಆಮೇಲೆ ಇಡೀ ಕರಡಿನಲ್ಲಿ ‘ಹೂವಿನಂಗಡಿ’ ಎಂದು ಹುಡುಕಿದಾಗ, ಇಲ್ಲದ ದೃಶ್ಯವನ್ನು ನೆನೆಯುವ ಎರಡು ಸಾಲುಗಳು ಸಿಕ್ಕವು.

ಒಂದು ಎಚ್ಚರಿಕೆ: ಪ್ರತಿ ಸಲ ಮೌನದ ಬೆಲೆ ಹೆಚ್ಚುತ್ತಿದ್ದರೆ ಅದು ಪುನರಾವರ್ತನೆಯಲ್ಲ, ಅಂಥದ್ದಕ್ಕೆ ಕತ್ತರಿ ಹಾಕಬೇಡಿ.