480 ಅಡಿ ಬೋರಿಗೆ 5 ಎಚ್‌ಪಿ ಇಳಿಸಿದ ಕಥೆ

"480 ಫೂಟ್ ಬೋರಿಗೆ ಐದು ಎಚ್‌ಪಿ ಏನ್ ಹತ್ತತದೋ ತಮ್ಮಾ, ನೀರು ಮ್ಯಾಲ ಬರಂಗಿಲ್ಲ." ಪಂಪು ಇಳಿಸುವ ದಿನ ಚೈನ್ ಪುಲ್ಲಿಯ ಪಕ್ಕ ನಿಂತು ಕಾಕಾ ಹೇಳಿದ ಮಾತಿದು. ಪಂಪು ಮಾರಿದ ಅಂಗಡಿಯವರೂ ಅದನ್ನೇ ಹೇಳಿದ್ದರು. ಈಗ ಎರಡು ಬೇಸಿಗೆ ದಾಟಿವೆ. ಮೋಟರ್ ಒಮ್ಮೆಯೂ ಮೇಲೆ ಬಂದಿಲ್ಲ.

ನಮ್ಮದು ಆಳಂದ ತಾಲೂಕು, ಮೇಲೆ ಕರಿ ಮಣ್ಣು, ಕೆಳಗೆ ಕರಿಕಲ್ಲು. ಮೊದಲು ಇದ್ದದ್ದು ಏಳೂವರೆ ಎಚ್‌ಪಿ. ಬೋರಿನ ಆಳ ನೋಡಿ ಅಂಗಡಿಯವರು ಕೊಟ್ಟಿದ್ದು, ನಾನೂ ಸುಮ್ನೆ ತಂದಿದ್ದೆ. ಚಾಲೂ ಮಾಡಿದರೆ ಇಪ್ಪತ್ತು ನಿಮಿಷ ಭರ್ಜರಿ ನೀರು, ಆಮೇಲೆ ಪೈಪಿನಿಂದ ಬುಸ್ಸೆಂದು ಗಾಳಿ. ರಾತ್ರಿ ಕರೆಂಟಿನಲ್ಲಿ ಯಾರು ಎದ್ದು ನೋಡುತ್ತಾರೆ? ಒಣಗಿ ಓಡಿ ಓಡಿ ಮೂರು ಸಲ ಸುಟ್ಟಿತು. ಪ್ರತಿ ಸಲ ರಿವೈಂಡಿಂಗಿಗೆ ಆರೇಳು ಸಾವಿರ, ಎತ್ತಿ ಇಳಿಸಲು ಮೂರೂವರೆ ಸಾವಿರ. ಸುಮಾರು ಮೂವತ್ತು ಸಾವಿರ ಹೀಗೇ ಹೋಯಿತು. ಹೊಸ ಪಂಪೇ ಬರುತ್ತಿತ್ತು, ಅಲ್ವಾ?

ಮೂರನೇ ಸಲ ಸುಟ್ಟ ಮೇಲೆ ಲೆಕ್ಕ ಹಾಕಿದೆ. ಆರೂವರೆ ಇಂಚಿನ ಬೋರಿನಲ್ಲಿ ಒಂದಡಿಗೆ ಆರೂವರೆ ಲೀಟರ್ ನೀರು ನಿಲ್ಲುತ್ತದೆ. ಬೆಳಗ್ಗೆ ನೀರು 120 ಅಡಿಯಲ್ಲಿ, ಪಂಪು 400ರಲ್ಲಿ. ನಡುವೆ ಇರುವುದು 1,800 ಲೀಟರ್ ಅಷ್ಟೇ. ನಾನು ಇಪ್ಪತ್ತು ನಿಮಿಷ ಖುಷಿಪಟ್ಟಿದ್ದು ರಾತ್ರಿಯೆಲ್ಲ ತುಂಬಿ ನಿಂತ ನೀರಿಗೆ. ಬೋರಿನ ನಿಜವಾದ ಇಳುವರಿ ಎಷ್ಟೆಂದು ನೋಡಿರಲೇ ಇಲ್ಲ.

ರಿವೈಂಡಿಂಗ್ ಆದ ಅದೇ ಪಂಪನ್ನು ಇಳಿಸುವಾಗ ಪಕ್ಕದಲ್ಲೇ ಅರ್ಧ ಇಂಚಿನ ಪೈಪು ಕಟ್ಟಿ ಬಿಟ್ಟೆ. ಅದರೊಳಗೆ ಎರಡೆಳೆ ವೈರು ಇಳಿಸಿ ಮೇಲೆ ಮಲ್ಟಿಮೀಟರ್ ಹಿಡಿದರೆ ತುದಿ ನೀರು ಮುಟ್ಟಿದ್ದು ಗೊತ್ತಾಗುತ್ತದೆ. ಗೇಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನೀರಿನ ಮಟ್ಟ ಇಳಿಯುವುದು ನಿಲ್ಲುವ ತನಕ ಕಾದೆ. ಮೂರು ತಾಸು ಬಿಟ್ಟು ನೋಡಿದರೂ 290 ಅಡಿ. ಆಗ 200 ಲೀಟರಿನ ಡ್ರಮ್ಮು ಇಟ್ಟೆ. ತುಂಬಲು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಂದರೆ ಸೆಕೆಂಡಿಗೆ ಒಂದು ಲೀಟರ್. ಹಳೇ ಪಂಪು ಎತ್ತುತ್ತಿದ್ದುದು ಎರಡೂವರೆ! ಡ್ರಮ್ಮನ್ನು ಮೊದಲ ಹತ್ತು ನಿಮಿಷದಲ್ಲೇ ಇಟ್ಟು ಅಳೆಯುವವರು ಇದ್ದಾರೆ. ಅದು ಬೋರಿನ ಲೆಕ್ಕ ಅಲ್ಲ, ನಿಂತ ನೀರಿನ ಲೆಕ್ಕ.

ಪಂಪು ನೀರನ್ನು ಎಷ್ಟು ಎತ್ತರ ತಳ್ಳಬೇಕು ಅನ್ನುವ ಹೆಡ್ ಲೆಕ್ಕಕ್ಕೂ ಬೋರಿನ ಆಳ ಬೇಕಿಲ್ಲ. ಪಂಪು ಓಡುವಾಗ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಎಣಿಸಬೇಕು. ಬೇಸಿಗೆಯಲ್ಲಿ ಇನ್ನೂ ಇಳಿಯುತ್ತದೆಂದು 340 ಅಡಿ ಹಿಡಿದೆ. ಹೊಲದ ಏರು 15, ಡ್ರಿಪ್ಪಿನ ಒಂದೂವರೆ ಕೆಜಿ ಪ್ರೆಷರಿಗೆ 50, ಪೈಪಿನ ಘರ್ಷಣೆಗೆ 35. ಒಟ್ಟು 440 ಅಡಿ, ಸುಮಾರು 134 ಮೀಟರ್. ಒಂದು ಲೀಟರ್ ಗುಣಿಸು 134, ಭಾಗಿಸು 75, ಬಂದದ್ದು 1.8 ಎಚ್‌ಪಿ. ಸಣ್ಣ ಪಂಪುಗಳಲ್ಲಿ ಅರ್ಧ ಶಕ್ತಿ ಒಳಗೇ ಹೋಗುತ್ತದೆ, ಹಾಗಾಗಿ ಮೂರೂವರೆ ಚಿಲ್ಲರೆ. ನಮ್ಮ ವೋಲ್ಟೇಜಿಗೆ ಐದು ಸಾಕು.

ಅಂಗಡಿಯಲ್ಲಿ ಐದು ಎಚ್‌ಪಿಯದ್ದೇ ಎರಡು ಪಂಪು ತೋರಿಸಿದರು. ಒಂದಕ್ಕೆ ಸ್ಟೇಜು, ಅಂದರೆ ನೀರು ತಳ್ಳುವ ಚಕ್ರಗಳು ಕಮ್ಮಿ, ನೀರು ಜಾಸ್ತಿ, ಆದರೆ 80 ಮೀಟರಿನ ಆಚೆ ಸೋಲುತ್ತದೆ. ಇನ್ನೊಂದಕ್ಕೆ ಸ್ಟೇಜು ಜಾಸ್ತಿ, 135 ಮೀಟರಿಗೆ ಒಂದು ಲೀಟರ್. ಎಷ್ಟು ಹೆಡ್ಡಿಗೆ ಎಷ್ಟು ನೀರು ಎಂದು ತೋರಿಸುವ ಪಂಪಿನ ಟೇಬಲ್ಲಿನಲ್ಲಿ ನಮ್ಮ ಲೆಕ್ಕ ನಡುವಿನ ಸಾಲಿಗೆ ಬರುವುದನ್ನೇ ತಂದೆ. ಕೊನೆಯ ಸಾಲಿನ ಹೆಡ್ ನೋಡಿ ಕೊಂಡರೆ ಅಲ್ಲಿ ಹನಿ ಹನಿ ನೀರು. ನಾಲ್ಕು ಇಂಚಿನದು, ಮೂವತ್ತು ಸಾವಿರದ ಆಸುಪಾಸು.

ಇಳಿಸುವ ಮುಂಚೆ ಇನ್ನೊಂದು ಪ್ರಯೋಗವೂ ಆಯಿತು. ನಮ್ಮ ಬೋರಿನಲ್ಲಿ ನೀರಿನ ಸೆಲೆ ಇರುವುದು 340ರ ಮೇಲೆ, ಪಂಪು 380ರಲ್ಲಿ. ನೀರು ಮೇಲಿನಿಂದ ಬಂದು ನೇರ ಪಂಪಿಗೆ ಹೋಗುತ್ತದೆ, ಕೆಳಗಿನ ಮೋಟರಿಗೆ ತಂಪು ಸಿಗುವುದಿಲ್ಲ. ಅದಕ್ಕೆ ಪಿವಿಸಿ ಪೈಪಿನ ಅಂಗಿ ತೊಡಿಸಿದೆ. ನೀರು ಮೋಟರಿನ ಬುಡದಿಂದ ಸುತ್ತಿ ಬರುತ್ತದೆ. ಮೊದಲ ಅಂಗಿ ಬೋರಿನಲ್ಲಿ ಸಿಕ್ಕಿಕೊಂಡು ಅರ್ಧ ದಿನ ಒದ್ದಾಡಿದೆವು. ಎರಡನೆಯದನ್ನು ಹೇಗೆ ಕಟ್ಟಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈಗ ದಿನಕ್ಕೆ ಆರು ತಾಸು ಒಂದೇ ಸಮ ಓಡುತ್ತದೆ, ಹತ್ತತ್ತಿರ 21 ಸಾವಿರ ಲೀಟರ್. ಎರಡೆಕರೆ ಪಪ್ಪಾಯಿಗೆ ಸಾಕು. ತಕರಾರು ಇರುವುದು ಮಳೆಗಾಲದಲ್ಲಿ ಮಾತ್ರ. ನೀರು ಮೇಲೆ ಬಂದಾಗ ಹೆಡ್ ಇಳಿದು ಪಂಪು ಜಾಸ್ತಿ ಎತ್ತುತ್ತದೆ, ಆಂಪಿಯರ್ ನೇಮ್‌ಪ್ಲೇಟ್ ದಾಟುತ್ತದೆ. ಆಗ ಮುಳ್ಳು ಕೆಳಗಿಳಿಯುವ ತನಕ ವಾಲ್ವ್ ಮುಚ್ಚುತ್ತೇನೆ. ಕಾಕಾ ಒಮ್ಮೆ "ನೀರು ಸಣ್ಣ ಬರ್ಲಿಕತ್ತದ" ಅಂತ ಪೂರ್ತಿ ತೆಗೆದಿಟ್ಟಿದ್ದರು. ಅವತ್ತಿನಿಂದ ವಾಲ್ವಿನ ಹಿಡಿ ಬಿಚ್ಚಿ ಮನೆಯಲ್ಲಿ ಇಟ್ಟಿದ್ದೇನೆ.