ಕತ್ತಿನ ಗೆರೆ, ದವಡೆಯ ನೆರಳು: ಮುಖದ ಆಕಾರ ಕೆಡದಂತೆ ತಿದ್ದಿದ ಬಗೆ

ಹಿರಿಯರೊಬ್ಬರ ಭಾವಚಿತ್ರದಲ್ಲಿ, ತಲೆಯ ಮೇಲಿದ್ದ ದೀಪದಿಂದಾಗಿ ದವಡೆಯ ಕೆಳಗೆ ದಟ್ಟ ನೆರಳು ಬಿದ್ದು, ಕತ್ತಿನ ಅಡ್ಡಗೆರೆಗಳು ಕೆತ್ತಿದಂತೆ ಕಾಣುತ್ತಿದ್ದವು. ಲಿಕ್ವಿಫೈ ಮುಖದ ಆಕಾರವನ್ನೇ ಬದಲಿಸುವುದರಿಂದ ಅದನ್ನು ಮುಟ್ಟದೆ, ಫೋಟೋಶಾಪ್‌ನಲ್ಲಿ ಬೆಳಕನ್ನಷ್ಟೇ ಸರಿಪಡಿಸಿದೆ.

ಮೊದಲು ಕರ್ವ್ಸ್ ಲೇಯರ್ ಸೇರಿಸಿ, ರೇಖೆಯ ಮಧ್ಯವನ್ನು ತುಸು ಮೇಲಕ್ಕೆತ್ತಿ, ಮಾಸ್ಕನ್ನು ಕಪ್ಪಾಗಿಸಿ, ಫ್ಲೋ ಶೇಕಡಾ 5ರಷ್ಟಿರುವ ಮೃದು ಅಂಚಿನ ಬ್ರಷ್‌ನಿಂದ ನೆರಳಿನ ಭಾಗಕ್ಕೆ ಬಿಳಿಯನ್ನು ತೆಳುವಾಗಿ ಹಚ್ಚುತ್ತ ಹೋದೆ. ದವಡೆಯ ಅಂಚಿಗೆ ತಾಗಿದ ಕಿರುಪಟ್ಟಿಯನ್ನು ಮಾತ್ರ ಹಾಗೆಯೇ ಉಳಿಸಿದೆ. ಮುಖ ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಸುವುದು ಆ ಕಪ್ಪೇ ಆದ್ದರಿಂದ, ಅದು ತಿಳಿಯಾದರೆ ಮುಖವು ಕತ್ತಿನೊಳಗೆ ಕರಗಿ, ಯಾವ ರೇಖೆಯೂ ಕದಲದಿದ್ದರೂ ದಪ್ಪವಾದಂತೆ ತೋರುತ್ತದೆ. ತಿಳಿಯಾದ ಚರ್ಮ ಕೆಂಪೇರಿದ್ದರಿಂದ ಆ ಲೇಯರಿನ ಬ್ಲೆಂಡ್ ಮೋಡನ್ನು ಲುಮಿನಾಸಿಟಿಗೆ ಬದಲಿಸಿದೆ.

ಗೆರೆಗಳಿಗೆ, ಕರ್ವ್ಸ್‌ನ ಕೆಳಗೆ ಖಾಲಿ ಲೇಯರ್ ತೆರೆದು, ಹೀಲಿಂಗ್ ಬ್ರಷ್‌ನ ಸ್ಯಾಂಪಲ್ ಆಯ್ಕೆಯನ್ನು Current & Below ಎಂದಿರಿಸಿ, ಪಕ್ಕದ ಚರ್ಮದಿಂದಲೇ ಮಾದರಿ ತೆಗೆದು ಪೂರ್ತಿ ಅಳಿಸಿದೆ. ಬಳಿಕ ಆ ಲೇಯರಿನ ಒಪಾಸಿಟಿಯನ್ನು ಸುಮಾರು ಶೇಕಡಾ 50ಕ್ಕೆ ಇಳಿಸಿದಾಗ ಗೆರೆಗಳು ತಿಳಿಯಾಗಿ ಮರಳಿದವು. ಸುಕ್ಕುಗಳಿರುವ ಮುಖದ ಕೆಳಗೆ ನುಣುಪಾದ ಕತ್ತು ಬೇರೊಬ್ಬರದೆನಿಸುತ್ತದೆ. ದವಡೆಯ ಅಂಚಿನ ಹತ್ತಿರ ಈ ಬ್ರಷ್ ಕಪ್ಪನ್ನು ಎಳೆದು ಕಲೆ ಮಾಡುವುದರಿಂದ ಅಲ್ಲಿ ಕ್ಲೋನ್ ಸ್ಟ್ಯಾಂಪ್ ಬಳಸಿದೆ.